ಫೋಟೋದಲ್ಲಿರುವ ಹೊಲೋಗ್ರಾಂ, ಕ್ಯೂಆರ್ ಕೋಡ್ ನೋಡಿ ಮಾತ್ರೆ ಅಸಲಿಯೋ ನಕಲಿಯೋ ಹೇಳಬಹುದೇ?

ಶ್ರೀಧರ, ಮಸ್ಕತ್

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿ ತಿಪಟೂರಿನಲ್ಲಿದ್ದಾರೆ. ಥೈರಾಯ್ಡ್ ತೊಂದರೆಗೆ ಲೆವೊಥೈರಾಕ್ಸಿನ್ ಮಾತ್ರೆಯನ್ನು ಹಲವು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಯಾವಾಗಲೂ ತರುವ ಅಂಗಡಿಯಲ್ಲಿ ಈ ಸಲ ದಾಸ್ತಾನು ಇರಲಿಲ್ಲವೆಂದು ನನ್ನ ತಮ್ಮ ಬೇರೆ ಅಂಗಡಿಯಿಂದ ತಂದಿದ್ದಾನೆ. ಅಲ್ಲಿ 25% ರಿಯಾಯಿತಿಯನ್ನೂ ಕೊಟ್ಟಿದ್ದಾರೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಹೊಳೆಯುವ ಗುಂಡು ಸ್ಟಿಕ್ಕರ್ ಇದೆ, ಅದರಲ್ಲಿ ‘ಜೆನ್ಯೂಯಿನ್’ ಎಂದು ಬರೆದಿದೆ. ಹಳೆಯ ಪೆಟ್ಟಿಗೆಗಳಲ್ಲಿ ಅಂಥದ್ದು ಇರಲಿಲ್ಲ. ಪಕ್ಕದಲ್ಲಿ ಕ್ಯೂಆರ್ ಕೋಡ್ ಕೂಡ ಇದೆ.

ತಮ್ಮ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳುಹಿಸಿದ್ದಾನೆ. ನಾನು ಊರಿಗೆ ಹೋಗುವುದು ದೀಪಾವಳಿಗೆ. ಅಲ್ಲಿಯವರೆಗೆ ನನ್ನ ಬಳಿ ಇರುವುದು ಈ ಫೋಟೋ ಮಾತ್ರ. ಇದನ್ನು ನೋಡಿ ಏನಾದರೂ ಹೇಳಲು ಸಾಧ್ಯವೇ?

ವಿನಯ್, ಹಾಸನ

ಫೋಟೋವನ್ನು ಗ್ಯಾಲರಿಯಲ್ಲಿ ತೆರೆದು ಗೂಗಲ್ ಲೆನ್ಸ್ ಒತ್ತಿದರೆ ಕ್ಯೂಆರ್ ಕೋಡ್‌ನೊಳಗೆ ಏನಿದೆ ಎಂದು ತೋರಿಸುತ್ತದೆ. ಕಂಪನಿಯ ಹೆಸರು, ಔಷಧದ ಹೆಸರು ಬಂದರೆ ಅಸಲಿ. ಏನೂ ಬರದಿದ್ದರೆ ಅಥವಾ ಓದಲು ಆಗದಿದ್ದರೆ ನಕಲಿ. 2023ರ ಆಗಸ್ಟ್ 1ರಿಂದ ಔಷಧಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಇಷ್ಟು ಸಾಕು, ಗಾಬರಿಯಾಗಬೇಡಿ.

ಗಿರಿಜಾ, ದಾವಣಗೆರೆ

ನಾನು ಔಷಧ ಅಂಗಡಿ ನಡೆಸುತ್ತೇನೆ. ವಿನಯ್ ಅವರು ಹೇಳಿದ ದಿನಾಂಕ ಸರಿ. ಆದರೆ ಆ ನಿಯಮ ಎಲ್ಲ ಔಷಧಗಳಿಗೂ ಅಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳಿಗೆ ಎಚ್2 ಎಂಬ ಅನುಸೂಚಿ ಸೇರಿಸಿತು. ಅದರಲ್ಲಿ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಪಟ್ಟಿ ಇದೆ. ಡೋಲೋ, ಕ್ಯಾಲ್ಪೋಲ್, ಅಲ್ಲೆಗ್ರಾ, ಶೆಲ್ಕಾಲ್‌ನಂಥ ಹೆಸರುಗಳು ಅದರಲ್ಲಿವೆ. ಪಟ್ಟಿಯಲ್ಲಿಲ್ಲದ ಬ್ರ್ಯಾಂಡಿನ ಮೇಲೆ ಕೋಡ್ ಇಲ್ಲದಿದ್ದರೆ ಅದು ತಪ್ಪಲ್ಲ. ಆದ್ದರಿಂದ ಮೊದಲು ನಿಮ್ಮ ಬ್ರ್ಯಾಂಡ್ ಆ ಪಟ್ಟಿಯಲ್ಲಿದೆಯೇ ನೋಡಿ.

ಪಟ್ಟಿಯಲ್ಲಿದ್ದರೆ ಕೋಡ್‌ನೊಳಗೆ ಕಂಪನಿಯ ಹೆಸರು ಬಂದರಷ್ಟೇ ಸಾಲದು. ಔಷಧದ ಮೂಲ ಹೆಸರು, ಬ್ರ್ಯಾಂಡ್ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ತಯಾರಿಕಾ ಪರವಾನಗಿ ಸಂಖ್ಯೆ, ಜೊತೆಗೆ ಆ ಉತ್ಪನ್ನದ ಗುರುತಿನ ಸಂಖ್ಯೆ ಇರಬೇಕು. ಕೆಲವು ಕಂಪನಿಗಳು ಇವನ್ನು ಕೋಡ್‌ನಲ್ಲೇ ಬರೆಯುತ್ತವೆ, ಕೆಲವು ತಮ್ಮ ಜಾಲತಾಣದ ಪುಟಕ್ಕೆ ಕರೆದೊಯ್ಯುತ್ತವೆ.

ಹೊಲೋಗ್ರಾಂ ಬಗ್ಗೆ ಒಂದು ಮಾತು. ಎಚ್2 ನಿಯಮ ಕೇಳುವುದು ಕೋಡ್ ಮಾತ್ರ, ಹೊಲೋಗ್ರಾಂ ಅಲ್ಲ. ಕೆಲವು ಕಂಪನಿಗಳು ತಾವಾಗಿಯೇ ಅಂಟಿಸುತ್ತವೆ. ಅದು ಇಲ್ಲ ಎಂದಾಕ್ಷಣ ನಕಲಿ ಎನ್ನಲಾಗದು. ಹಿಂದೆ ಇಲ್ಲದ್ದು ಈಗ ಏಕಾಏಕಿ ಬಂದಿದ್ದರೆ ಯಾರು ಅಂಟಿಸಿದರು ಎಂದು ಕೇಳಲೇಬೇಕು.

ಶ್ರೀಧರ ಅವರೇ, ಇದು ತೀರ್ಮಾನವಾಗುವವರೆಗೆ ತಾಯಿಯವರು ಮಾತ್ರೆಯನ್ನು ನಿಲ್ಲಿಸಬಾರದು. ಹಳೆಯ ಅಂಗಡಿಗೆ ದಾಸ್ತಾನು ಬಂದಿದೆಯೇ ಎಂದು ಇವತ್ತೇ ಕೇಳಿ, ಬಿಲ್ ಸಮೇತ ಒಂದು ಡಬ್ಬಿ ತರಿಸಿ.

ಪೀಣ್ಯದ ಮುದ್ರಕ

ನಾನು ಪೀಣ್ಯದಲ್ಲಿ ಔಷಧದ ಪೆಟ್ಟಿಗೆ, ಲೇಬಲ್ ಮುದ್ರಿಸುವ ಕೆಲಸದಲ್ಲಿ ಬಹಳ ಕಾಲ ಇದ್ದವನು. ಸ್ಟಿಕ್ಕರ್ ಮತ್ತು ಕೋಡ್ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಫೋಟೋ ಒಂದರ ವಿಷಯದಲ್ಲಿ ಬಹುತೇಕ ಕುರುಡು, ಇನ್ನೊಂದರ ವಿಷಯದಲ್ಲಿ ಚೆನ್ನಾಗಿ ಮಾತನಾಡುತ್ತದೆ.

ಹೊಲೋಗ್ರಾಂನ ಗುಣವೇ ಬೆಳಕಿನ ಮತ್ತು ಕಣ್ಣಿನ ಕೋನ ಬದಲಾದಂತೆ ಚಿತ್ರವೂ ಬದಲಾಗುವುದು. ಒಂದು ಫೋಟೋದಲ್ಲಿರುವುದು ಒಂದೇ ಕೋನ. ನಿಮ್ಮ ತಮ್ಮ ಫ್ಲ್ಯಾಶ್ ಹಾಕಿ ತೆಗೆದಿದ್ದರೆ ಅಷ್ಟೂ ಇರುವುದಿಲ್ಲ, ಬಿಳಿ ಕಲೆ ಮಾತ್ರ ಉಳಿಯುತ್ತದೆ. ಆದ್ದರಿಂದ ಒಂಟಿ ಫೋಟೋ ನೋಡಿ ‘ಕಾಮನಬಿಲ್ಲಿನ ಬಣ್ಣ ಕಾಣುತ್ತಿದೆ, ಅಸಲಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಮನಬಿಲ್ಲಿನ ಬಣ್ಣ ಕೊಡುವ ಹಾಳೆ ಯಾರಿಗೆ ಬೇಕಾದರೂ ಸಿಗುತ್ತದೆ. ‘ಜೆನ್ಯೂಯಿನ್’, ‘ಒರಿಜಿನಲ್’ ಎಂದು ಬರೆದ ಸ್ಟಿಕ್ಕರ್‌ಗಳು ಸುರುಳಿ ಸುರುಳಿಯಾಗಿ ಮಾರಾಟಕ್ಕಿವೆ. ಕಂಪನಿಯ ಸ್ವಂತ ಹೊಲೋಗ್ರಾಂನಲ್ಲಿ ಸಾಮಾನ್ಯವಾಗಿ ಅದರ ಹೆಸರೋ ಗುರುತೋ ಇರುತ್ತದೆ.

ತಮ್ಮನಿಗೆ ಹೀಗೆ ಹೇಳಿ. ಫ್ಲ್ಯಾಶ್ ಆರಿಸಿ, ಟ್ಯೂಬ್‌ಲೈಟ್ ಕೆಳಗೆ ಮೊಬೈಲನ್ನು ಒಂದು ಕಡೆ ಅಲುಗಾಡದಂತೆ ಇಟ್ಟು, ಪೆಟ್ಟಿಗೆಯನ್ನು ಮಾತ್ರ ನಿಧಾನವಾಗಿ ಅತ್ತಿತ್ತ ವಾಲಿಸುತ್ತ ಸಣ್ಣ ವಿಡಿಯೋ ತೆಗೆಯಲಿ. ಬಣ್ಣ ಜಾರುತ್ತಿದ್ದರೂ ಅಕ್ಷರ ಮತ್ತು ಚಿತ್ರ ಇದ್ದಲ್ಲೇ ಇದ್ದರೆ, ಅದು ಹೊಳೆಯುವ ಹಾಳೆಯ ಮೇಲೆ ಅಚ್ಚು ಹಾಕಿದ್ದು. ಒಂದು ಚಿತ್ರ ಮರೆಯಾಗಿ ಅದೇ ಜಾಗದಲ್ಲಿ ಇನ್ನೊಂದು ಬಂದರೆ, ಅಥವಾ ಮುಂದಿನ ಗುರುತು ಹಿಂದಿನದಕ್ಕಿಂತ ಬೇರೆಯಾಗಿ ಚಲಿಸಿದರೆ, ಅದನ್ನು ತಯಾರಿಸಲು ಖರ್ಚು ಮಾಡಿದ್ದಾರೆ ಎಂದು ತಿಳಿಯಬಹುದು.

ಕ್ಯೂಆರ್ ಕೋಡ್‌ನ ಫೋಟೋ ಬೇರೆ ಮಾತು. ಸ್ವಲ್ಪ ಮಸುಕಾದರೂ, ಒಂದು ಮೂಲೆ ಮಾಸಿದರೂ ಅದು ಓದಿಸಿಕೊಳ್ಳುತ್ತದೆ. ತಪ್ಪು ತಿದ್ದುವ ವ್ಯವಸ್ಥೆ ಅದರೊಳಗೇ ಇದೆ, ಅತಿ ಗಟ್ಟಿ ಮಟ್ಟದಲ್ಲಿ ಸುಮಾರು 30% ಹಾಳಾದರೂ ನಡೆಯುತ್ತದೆ. ಓದಿಸಿಕೊಂಡರೆ ಬರುವ ಅಕ್ಷರಗಳು ಸರಿಯಾಗಿಯೇ ಬರುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ವಿನಯ್ ಅವರೇ, ಓದಲಾಗದಿದ್ದರೆ ನಕಲಿ ಎಂಬುದು ಸರಿಯಲ್ಲ. ಸಣ್ಣ ಪೊಟ್ಟಣಗಳ ಮೇಲೆ ಎರಡು ಬದಿಗೆ ಕಪ್ಪು ಗೆರೆಯಿರುವ ಚಿಕ್ಕ ಚೌಕವಿರುತ್ತದೆ. ಅದು ಡೇಟಾ ಮ್ಯಾಟ್ರಿಕ್ಸ್, ಕೆಲವು ಮೊಬೈಲ್ ಕ್ಯಾಮೆರಾಗಳು ಅದನ್ನು ಓದುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಅಸಲಿ ಪೆಟ್ಟಿಗೆಯ ಕೋಡನ್ನು ಫೋಟೋ ತೆಗೆದು ಅಚ್ಚು ಹಾಕಿದರೆ ಅದೂ ಅದೇ ಮಾಹಿತಿಯನ್ನೇ ಕೊಡುತ್ತದೆ. ‘ಕಂಪನಿ ಹೆಸರು ಬಂತು’ ಎನ್ನುವುದರಿಂದ ತಿಳಿಯುವುದು ಇಷ್ಟೇ: ಅಂಥ ಕೋಡ್ ಎಲ್ಲೋ ಒಂದು ಕಡೆ ಇತ್ತು. ಪ್ರತಿ ಪೆಟ್ಟಿಗೆಗೂ ಬೇರೆ ಸಂಖ್ಯೆ ಇದ್ದು, ಎರಡನೆಯ ಸಲ ಪರೀಕ್ಷಿಸಿದಾಗ ‘ಇದನ್ನು ಈಗಾಗಲೇ ನೋಡಲಾಗಿದೆ’ ಎಂದು ಹೇಳುವ ವ್ಯವಸ್ಥೆ ಬೇರೆ. ಬ್ಯಾಚಿಗೊಂದೇ ಕೋಡ್ ಇದ್ದರೆ ನಕಲು ಕಷ್ಟವಲ್ಲ.

ಹಾಗಾದರೆ ಏನು ಮಾಡಬೇಕು? ಕೋಡ್‌ನೊಳಗಿನ ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳನ್ನು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದರೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಆಮೇಲೆ ಪೆಟ್ಟಿಗೆಯನ್ನು ಡಬ್ಬಿಯೊಂದಿಗೆ ಹೋಲಿಸಿ. ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ, ಇಲ್ಲದಿದ್ದರೆ ಗಾತ್ರ ಕುಗ್ಗಿ ಸಣ್ಣ ಅಂಕಿಗಳು ಕಲಸಿಹೋಗುತ್ತವೆ.

ಸುಜಾತಾ, ನ್ಯೂಜೆರ್ಸಿ

ಇದೇ ಪ್ರಶ್ನೆ ನನ್ನದೂ. ಆನ್‌ಲೈನ್‌ನಲ್ಲಿ ಒಬ್ಬರು ಮೈಸೂರು ಸಿಲ್ಕ್ ಸೀರೆ ಮಾರುತ್ತಿದ್ದಾರೆ. ಸಿಲ್ಕ್ ಮಾರ್ಕ್ ಚೀಟಿಯ ಫೋಟೋ ಕಳುಹಿಸಿದ್ದಾರೆ, ಅದರಲ್ಲಿ ಹೊಲೋಗ್ರಾಂ ಸ್ಪಷ್ಟವಾಗಿ ಕಾಣುತ್ತದೆ. ಕೆಎಸ್‌ಐಸಿ ಸೀರೆ ಎಂದು ನಂಬಿ ಕೊಳ್ಳಬಹುದಲ್ಲವೇ?

ಪೀಣ್ಯದ ಮುದ್ರಕ

ಸುಜಾತಾ ಅವರೇ, ಸಿಲ್ಕ್ ಮಾರ್ಕ್ ಹೇಳುವುದು ಬಟ್ಟೆ ಶುದ್ಧ ರೇಷ್ಮೆ ಎಂಬುದನ್ನು ಮಾತ್ರ. ಅದು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ನಡೆಯುವ ವ್ಯವಸ್ಥೆ, ಕಾಂಚೀಪುರದ ಸೀರೆಗೂ ಬನಾರಸಿಗೂ ಸಿಗುತ್ತದೆ. ಕೆಎಸ್‌ಐಸಿಯ ಮೈಸೂರು ಸಿಲ್ಕ್ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಚೀಟಿಯನ್ನು ದಾರದಲ್ಲಿ ಕಟ್ಟಿರುತ್ತಾರೆ, ಒಂದು ಸೀರೆಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟಬಹುದು. ಇವತ್ತಿನ ದಿನಾಂಕ ಮತ್ತು ನಿಮ್ಮ ಹೆಸರು ಬರೆದ ಕಾಗದವನ್ನು ಸೀರೆಯ ಸೆರಗಿನ ಪಕ್ಕ ಇಟ್ಟು, ಚೀಟಿಯ ಕ್ರಮಸಂಖ್ಯೆಯೂ ಕಾಣುವಂತೆ ಹೊಸ ಫೋಟೋ ಕೇಳಿ. ಕಳುಹಿಸಲು ಹಿಂಜರಿದರೆ ಆ ಫೋಟೋ ಅವರ ಬಳಿ ಇರುವ ಸೀರೆಯದಲ್ಲ ಎಂದೇ ನಾನು ಭಾವಿಸುತ್ತೇನೆ.

ಬಸವರಾಜ, ಗದಗ

ನಮ್ಮ ಕಡೆ ಇದನ್ನು ಕೀಟನಾಶಕದಲ್ಲಿ ಅನುಭವಿಸಿದ್ದೇವೆ. ಬಾಟಲಿ ಅಸಲಿ, ಹೊಲೋಗ್ರಾಂ ಅಸಲಿ, ಕೋಡ್ ಅಸಲಿ. ಒಳಗಿನ ಔಷಧಿ ಮಾತ್ರ ಬೇರೆ. ಹೊಲದ ಬದುವಿನಲ್ಲಿ ಬಿಸಾಡಿದ ಖಾಲಿ ಬಾಟಲಿಗಳನ್ನು ಆರಿಸಿ ಒಯ್ದು ತುಂಬಿ ಮಾರುತ್ತಾರೆ. ಮೆಣಸಿನಕಾಯಿಗೆ ಸಿಂಪಡಿಸಿದ್ದು ನೀರು ಸಿಂಪಡಿಸಿದಂತಾಯಿತು, ಥ್ರಿಪ್ಸ್ ಹಾಗೇ ಉಳಿಯಿತು. ಅಂದಿನಿಂದ ನಾನು ಖಾಲಿ ಬಾಟಲಿಯ ಲೇಬಲನ್ನು ಅಡ್ಡಡ್ಡ ಕತ್ತರಿಸಿ, ಬಾಟಲಿಗೆ ತೂತು ಮಾಡಿಯೇ ಬಿಡುತ್ತೇನೆ. ಔಷಧದ ಡಬ್ಬಿಗೂ ಹೀಗೆ ಆಗುವುದಿಲ್ಲವೇ ಗಿರಿಜಕ್ಕ? ಸ್ಟಿಕ್ಕರ್ ನೋಡಿ ಸಮಾಧಾನಪಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಗಿರಿಜಾ, ದಾವಣಗೆರೆ

ಆಗುತ್ತದೆ ಬಸವರಾಜಣ್ಣ, ಅದಕ್ಕೇ ಮುಚ್ಚಳದ ಸೀಲ್ ನೋಡಬೇಕು. ಥೈರಾಯ್ಡ್ ಮಾತ್ರೆಯ ಡಬ್ಬಿಯಲ್ಲಿ ಮುಚ್ಚಳದ ಕೆಳಗೆ ಸಾಮಾನ್ಯವಾಗಿ ಅಂಟಿಸಿದ ಹಾಳೆಯೋ ಮುರಿಯುವ ಉಂಗುರವೋ ಇರುತ್ತದೆ. ತೆರೆದ ಮೇಲೆ ಅದರ ಫೋಟೋ ತೆಗೆದು ಪ್ರಯೋಜನವಿಲ್ಲ. ಶ್ರೀಧರ ಅವರ ತಮ್ಮ ತೆರೆದಾಗ ಅದು ಗಟ್ಟಿಯಾಗಿತ್ತೇ ಎಂದು ಕೇಳಬೇಕು.

ರಿಯಾಯಿತಿಯ ಬಗ್ಗೆಯೂ ಹೇಳುತ್ತೇನೆ. ಲೆವೊಥೈರಾಕ್ಸಿನ್ ಬೆಲೆ ನಿಯಂತ್ರಣದಲ್ಲಿರುವ ಔಷಧ. ಅಂಥವುಗಳಲ್ಲಿ ಚಿಲ್ಲರೆ ಅಂಗಡಿಯವರಿಗೆ ಇರುವ ಲಾಭಾಂಶ 16%. ನನ್ನಂಥ ಸಣ್ಣ ಅಂಗಡಿಯವಳು 25% ಬಿಟ್ಟುಕೊಟ್ಟರೆ ಕೈಯಿಂದ ಹಾಕಬೇಕಾಗುತ್ತದೆ. ದೊಡ್ಡ ಜಾಲಗಳು ಸಗಟಾಗಿ ಕೊಂಡು ಕೊಡಬಲ್ಲವು. ಆದ್ದರಿಂದ ರಿಯಾಯಿತಿ ಒಂದೇ ಸಾಕ್ಷಿಯಲ್ಲ. ಆದರೆ ಆ ಅಂಗಡಿಯವರು ಎಲ್ಲಿಂದ ಕೊಂಡರು ಎಂದು ಕೇಳಲು ಅದು ಸಾಕಷ್ಟು ಕಾರಣ.

ಶ್ರೀಧರ, ಮಸ್ಕತ್

ಎಲ್ಲರಿಗೂ ಧನ್ಯವಾದ. ತಮ್ಮ ಹೇಳಿದಂತೆಯೇ ಮತ್ತೆ ತೆಗೆದು ಕಳುಹಿಸಿದ. ವಿಡಿಯೋದಲ್ಲಿ ಸ್ಟಿಕ್ಕರ್‌ನ ಬಣ್ಣ ಜಾರುತ್ತದೆ, ‘ಜೆನ್ಯೂಯಿನ್’ ಎಂಬ ಅಕ್ಷರ ಒಂದಿಷ್ಟೂ ಕದಲುವುದಿಲ್ಲ. ಕಂಪನಿಯ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಡಬ್ಬಿಯ ಸೀಲ್ ಗಟ್ಟಿಯಾಗಿತ್ತು ಎಂದು ಅವನು ಹೇಳುತ್ತಾನೆ, ಆದರೆ ಆಗ ಗಮನವಿಟ್ಟು ನೋಡಿರಲಿಲ್ಲವಂತೆ.

ಬ್ರ್ಯಾಂಡ್ ಎಚ್2 ಪಟ್ಟಿಯಲ್ಲಿದೆ. ಕ್ಯೂಆರ್ ಕೋಡ್ ಓದಿಸಿದಾಗ ಕಂಪನಿ, ವಿಳಾಸ, ಪರವಾನಗಿ ಎಲ್ಲ ಬಂತು. ಅದರಲ್ಲಿ ಈ ಸಾಲುಗಳೂ ಇವೆ:

```
Batch No: KLT4127
Mfg: 12/2024
Exp: 11/2026
```

ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಬ್ಯಾಚ್ KLT4172, ತಯಾರಿಕೆ 04/2025, ಅವಧಿ 03/2027. ಡಬ್ಬಿಯ ಲೇಬಲ್ ಮೇಲೂ ಅದೇ KLT4172. ಮೊದಲು ಫೋಟೋ ಮಸುಕಾಗಿ ಅಂಕಿ ಹಿಂದುಮುಂದಾಗಿ ಕಂಡಿತೋ ಎಂದುಕೊಂಡೆ. ಹೊಸ ಫೋಟೋದಲ್ಲಿ ಸ್ಪಷ್ಟವಾಗಿ 4172 ಎಂದೇ ಇದೆ.

ವಿನಯ್, ಹಾಸನ

ಪೆಟ್ಟಿಗೆ ಮತ್ತು ಡಬ್ಬಿ ಒಂದಕ್ಕೊಂದು ಹೊಂದುತ್ತವಲ್ಲ, ಅದು ಒಳ್ಳೆಯ ಲಕ್ಷಣ. ಕಾರ್ಖಾನೆಯಲ್ಲಿ ಕೋಡ್ ಬದಲಿಸಲು ಮರೆತಿರಬಹುದು.

ಪೀಣ್ಯದ ಮುದ್ರಕ

ಅದು ಅಸಾಧ್ಯವಲ್ಲ. ಆದರೆ ನನಗೆ ಇಲ್ಲಿ ಕಾಣುವ ದಾರಿ ಬೇರೆ. ಕೋಡ್‌ನಲ್ಲಿ ಬ್ಯಾಚ್ ಸಂಖ್ಯೆ ಇದ್ದರೆ ಅದು ಬ್ಯಾಚಿನಿಂದ ಬ್ಯಾಚಿಗೆ ಬದಲಾಗಲೇಬೇಕು. ಆದ್ದರಿಂದ ಹಲವು ಕಾರ್ಖಾನೆಗಳಲ್ಲಿ ಪೆಟ್ಟಿಗೆಯ ಚಿತ್ರ, ಬಣ್ಣ, ಹೆಸರು ಮೊದಲೇ ನಮ್ಮಂಥವರ ಮುದ್ರಣಾಲಯದಲ್ಲಿ ಅಚ್ಚಾಗಿ ಬರುತ್ತವೆ. ಒಂದು ಚೌಕ ಬಿಳಿ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಮಾತ್ರೆ ತುಂಬುವ ಸಾಲಿನಲ್ಲಿ ಒಂದು ಇಂಕ್‌ಜೆಟ್ ಯಂತ್ರ ಆ ಜಾಗದಲ್ಲಿ ಬ್ಯಾಚ್, ದಿನಾಂಕ, ಬೆಲೆ, ಕೋಡ್ ನಾಲ್ಕನ್ನೂ ಒಟ್ಟಿಗೆ ಹಾಕುತ್ತದೆ. ಒಂದೇ ಯಂತ್ರಕ್ಕೆ ಒಂದೇ ಕಡತದಿಂದ ಮಾಹಿತಿ ಹೋಗುವಾಗ ಅಕ್ಷರದಲ್ಲಿ ಒಂದು ಬ್ಯಾಚ್, ಕೋಡ್‌ನಲ್ಲಿ ಇನ್ನೊಂದು ಬರುವುದು ಸುಲಭವಲ್ಲ.

ನಕಲಿ ಮಾಡುವವನ ಕೆಲಸ ಹೇಗಿರುತ್ತದೆ? ಅವನು ಒಂದು ಅಸಲಿ ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿ, ಕೋಡ್ ಸಮೇತ ಇಡೀ ಮುಖವನ್ನು ಒಂದೇ ಅಚ್ಚಿನಲ್ಲಿ ಇಳಿಸುತ್ತಾನೆ. ಬ್ಯಾಚ್ ಸಂಖ್ಯೆ ಮತ್ತು ದಿನಾಂಕವನ್ನು ಆಮೇಲೆ ಬೇರೆ ಯಂತ್ರದಲ್ಲಿ ಬೇಕಾದಂತೆ ಹಾಕುತ್ತಾನೆ, ಏಕೆಂದರೆ ಹಳೆಯ ದಿನಾಂಕ ಇದ್ದರೆ ಮಾರಾಟವಾಗುವುದಿಲ್ಲ. ಕೋಡ್ ಹಳೆಯದಾಗಿಯೇ ಉಳಿಯುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಕಾಣುತ್ತಿರುವುದು ಹಾಗೇ ಇದೆ. ಕೋಡ್‌ನಲ್ಲಿರುವ ಅವಧಿ ಅಚ್ಚಿನಲ್ಲಿರುವುದಕ್ಕಿಂತ ಮುಂಚಿನದು ಎಂಬುದನ್ನು ಗಮನಿಸಿ.

ಇದನ್ನು ಇನ್ನೊಂದು ಫೋಟೋದಿಂದ ಸ್ವಲ್ಪ ಗಟ್ಟಿ ಮಾಡಿಕೊಳ್ಳಬಹುದು. ಪೆಟ್ಟಿಗೆಯ ಆ ಮುಖಕ್ಕೆ ಪಕ್ಕದಿಂದ, ಬಹಳ ತಗ್ಗಾಗಿ ಟಾರ್ಚ್ ಬೆಳಕು ಬೀಳುವಂತೆ ಇಟ್ಟು ಹತ್ತಿರದಿಂದ ತೆಗೆಯಲಿ. ಕೋಡ್ ಮತ್ತು ಬ್ಯಾಚ್ ಸಂಖ್ಯೆ ಎರಡರ ಕಪ್ಪೂ ಒಂದೇ ರೀತಿ ಮಂಕಾಗಿ, ಅಂಚು ಚುಕ್ಕಿ ಚುಕ್ಕಿಯಾಗಿ ಕಂಡರೆ ಎರಡೂ ಒಂದೇ ಯಂತ್ರದಿಂದ ಬಂದವು. ಕೋಡ್ ಮಾತ್ರ ಬ್ರ್ಯಾಂಡ್ ಹೆಸರಿನಷ್ಟೇ ನಯವಾಗಿ ವಾರ್ನಿಷ್ ಹೊಳಪಿನ ಕೆಳಗಿದ್ದು, ಬ್ಯಾಚ್ ಸಂಖ್ಯೆ ಹೊಳಪಿನ ಮೇಲೆ ಕುಳಿತಂತಿದ್ದರೆ, ಎರಡು ಬೇರೆ ಸಮಯದಲ್ಲಿ ಅಚ್ಚಾಗಿವೆ. ಕೆಲವು ಕಂಪನಿಗಳು ಬ್ಯಾಚ್‌ವಾರು ಕೋಡನ್ನು ಮುದ್ರಣಾಲಯದಲ್ಲೇ ಹಾಕಿಸುತ್ತವೆ. ಅಂಥ ಕಡೆ ವಿನಯ್ ಅವರು ಹೇಳಿದ ತಪ್ಪು ನಡೆಯಲು ಅವಕಾಶವಿದೆ: ಹಳೆಯ ಬ್ಯಾಚಿಗೆ ಮಿಕ್ಕ ಪೆಟ್ಟಿಗೆಗಳನ್ನು ಹೊಸ ಬ್ಯಾಚಿಗೆ ಬಳಸಿಬಿಡುವುದು. ಆದ್ದರಿಂದ ಹಳೆಯ ಅಂಗಡಿಯಿಂದ ಬಂದ ಪೆಟ್ಟಿಗೆ ಮನೆಯಲ್ಲಿದ್ದರೆ ಅದನ್ನು ಪಕ್ಕದಲ್ಲಿಟ್ಟು ಒಂದೇ ಫೋಟೋ ತೆಗೆಯಲಿ.

ಗಿರಿಜಾ, ದಾವಣಗೆರೆ

ಡಬ್ಬಿ ಮತ್ತು ಪೆಟ್ಟಿಗೆ ಹೊಂದದಿದ್ದರೆ ನಾನು ಇಷ್ಟು ಚಿಂತಿಸುತ್ತಿರಲಿಲ್ಲ. ಅಂಗಡಿಯಲ್ಲಿ ಎರಡು ಡಬ್ಬಿ ತೆರೆದು ತೋರಿಸಿ, ಮತ್ತೆ ಹಾಕುವಾಗ ಪೆಟ್ಟಿಗೆ ಅದಲು ಬದಲಾಗುವುದುಂಟು. ಒಂದೇ ಪೆಟ್ಟಿಗೆಯ ಮೇಲಿನ ಅಕ್ಷರವೂ ಕೋಡೂ ಜಗಳವಾಡುತ್ತಿವೆ ಎಂದರೆ ಅದಕ್ಕೆ ಅಂಗಡಿಯವರು ಕಾರಣವಲ್ಲ.

ಈ ಡಬ್ಬಿಯನ್ನು ಎಸೆಯಬೇಡಿ, ಅಂಗಡಿಗೆ ಮರಳಿಸಲೂ ಬೇಡಿ. ಮಿಕ್ಕ ಮಾತ್ರೆ, ಪೆಟ್ಟಿಗೆ, ಬಿಲ್ ಮೂರನ್ನೂ ಒಂದು ಕವರಿನಲ್ಲಿ ಹಾಕಿ ತಂಪಾದ ಜಾಗದಲ್ಲಿಡಿ. ನಿಮ್ಮ ಜಿಲ್ಲೆಯ ಡ್ರಗ್ ಇನ್ಸ್‌ಪೆಕ್ಟರಿಗೆ ಲಿಖಿತವಾಗಿ ತಿಳಿಸಿ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 26ನೇ ಕಲಮಿನ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕಂಪನಿಗೂ ಬರೆಯಿರಿ. ವಿಳಾಸವನ್ನು ಈ ಕೋಡ್‌ನಿಂದ ಅಥವಾ ಈ ಪೆಟ್ಟಿಗೆಯಿಂದ ತೆಗೆದುಕೊಳ್ಳಬೇಡಿ, ಹಳೆಯ ಪೆಟ್ಟಿಗೆಯಲ್ಲಿರುವುದನ್ನು ಬಳಸಿ.

ತಾಯಿಯವರು ಇದೇ ಡಬ್ಬಿಯ ಮಾತ್ರೆ ಎಷ್ಟು ದಿನದಿಂದ ತೆಗೆದುಕೊಂಡಿದ್ದಾರೆ? ಈ ಔಷಧ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಮಾತ್ರೆಯಲ್ಲಿ ಔಷಧವೇ ಇಲ್ಲದಿದ್ದರೂ ಮೊದಲ ಕೆಲವು ದಿನ ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಆರಾಮವಾಗಿದ್ದೇನೆ’ ಎಂದರೆ ಮಾತ್ರೆ ಅಸಲಿ ಎಂದು ತಿಳಿಯಬೇಡಿ. ಟಿಎಸ್‌ಎಚ್ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಬದಲಾವಣೆ ಸರಿಯಾಗಿ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ.

ಬಸವರಾಜ, ಗದಗ

ಇಷ್ಟೆಲ್ಲ ಕೋಡ್ ಇಟ್ಟು, ಓದಿಸಿಕೊಂಡವರಿಗೆ ಅದೇ ತಪ್ಪು ಮಾಹಿತಿ ಸಿಗುವುದಾದರೆ ನಮ್ಮಂಥವರು ಏನು ಮಾಡಬೇಕು? ಮೊಬೈಲ್ ‘ಕಂಪನಿ ಇಂಥದ್ದು’ ಎಂದು ತೋರಿಸಿದರೆ ನಮ್ಮೂರಿನಲ್ಲಿ ಹತ್ತರಲ್ಲಿ ಹತ್ತು ಜನವೂ ನಂಬುತ್ತಾರೆ.

ಪೀಣ್ಯದ ಮುದ್ರಕ

ನಿಮ್ಮ ಕೋಪ ನ್ಯಾಯವಾದದ್ದು. ಪ್ರತಿ ಪೊಟ್ಟಣಕ್ಕೂ ಬೇರೆ ಸಂಖ್ಯೆ ಕೊಟ್ಟು, ಅದನ್ನು ಪರದೆಯಿಂದ ಮುಚ್ಚಿ, ಕೊಂಡವರು ಗೀಚಿ ನೋಡುವಂತೆ ಮಾಡಿದರೆ ನಕಲು ಮಾಡುವವನಿಗೆ ಕಷ್ಟ. ಆ ಸಂಖ್ಯೆಯ ಫೋಟೋವನ್ನು ಮಾತ್ರ ಯಾರೂ ಹಂಚಿಕೊಳ್ಳಬಾರದು, ಅದನ್ನು ನೋಡಿದವರು ನಿಮಗಿಂತ ಮೊದಲು ಬಳಸಿಬಿಡಬಹುದು. ಖರ್ಚಿನ ಮಾತು ಬಂದಾಗ ಎಲ್ಲರೂ ಬ್ಯಾಚಿಗೊಂದು ಕೋಡ್ ಸಾಕು ಎನ್ನುತ್ತಾರೆ.

ವಿನಯ್, ಹಾಸನ

ಮುದ್ರಕರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಮಿಕ್ಕ ಪೆಟ್ಟಿಗೆ ಬಳಸಿದ ಸಾಧ್ಯತೆಯನ್ನು ನಾನು ಬಿಡುವುದಿಲ್ಲ. ಮಾತ್ರೆ ನಕಲಿ ಎಂದು ಈಗಲೇ ತೀರ್ಮಾನಿಸಿ ಆ ಅಂಗಡಿಯ ಹೆಸರನ್ನು ಊರಲ್ಲಿ ಹರಡಬೇಡಿ.

ಶ್ರೀಧರ, ಮಸ್ಕತ್

ಹರಡುವುದಿಲ್ಲ ವಿನಯ್ ಅವರೇ. ಹಳೆಯ ಪೆಟ್ಟಿಗೆ ಸಿಕ್ಕಿತು. ಟಾರ್ಚ್ ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ಬಂದಿದೆ. ಹಳೆಯದರಲ್ಲಿ ಕೋಡ್, ಬ್ಯಾಚ್, ದಿನಾಂಕ ಎಲ್ಲವೂ ಹೊಳಪಿಲ್ಲದ ಬಿಳಿ ಚೌಕದೊಳಗಿವೆ, ಎಲ್ಲದರ ಅಂಚೂ ಚುಕ್ಕಿಚುಕ್ಕಿಯಾಗಿದೆ. ಕೋಡ್‌ನೊಳಗಿನ ಬ್ಯಾಚ್ ಅಚ್ಚಿನೊಂದಿಗೆ ಹೊಂದುತ್ತದೆ. ಹೊಸದರಲ್ಲಿ ಬಿಳಿ ಚೌಕವೇ ಇಲ್ಲ, ಕೋಡ್ ಹೊಳಪಿನ ಕೆಳಗಿದೆ.

ಪೀಣ್ಯದ ಮುದ್ರಕ

ಫೋಟೋದಿಂದ ತಿಳಿಯಬಹುದಾದದ್ದು ಇಲ್ಲಿಗೆ ಮುಗಿಯಿತು. ಪೆಟ್ಟಿಗೆಯ ಮೇಲೆ ನನಗೆ ಬಲವಾದ ಅನುಮಾನವಿದೆ, ಮಾತ್ರೆಯ ಬಗ್ಗೆ ಪ್ರಯೋಗಾಲಯ ಹೇಳಬೇಕು. ಕಂಪನಿಗೆ ಬರೆಯುವಾಗ ‘ಇದು ಅಸಲಿಯೇ’ ಎಂದು ಕೇಳಬೇಡಿ, ಉತ್ತರ ಸುತ್ತುಬಳಸಿ ಬರುತ್ತದೆ. KLT4172 ಎಂಬ ಬ್ಯಾಚನ್ನು ನೀವು ತಯಾರಿಸಿದ್ದೀರಾ, ತಯಾರಿಸಿದ್ದರೆ ಅದು ಎಷ್ಟು ಮೈಕ್ರೊಗ್ರಾಂ ಮಾತ್ರೆ, ಅದರ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಕೇಳಿ. ಪೆಟ್ಟಿಗೆಯ ವಿನ್ಯಾಸ ಈ ವರ್ಷ ಬದಲಾಗಿದೆಯೇ ಎಂದೂ ಕೇಳಿ.

ಶ್ರೀಧರ, ಮಸ್ಕತ್

ಅದನ್ನೇ ಬರೆದು, ಎಲ್ಲ ಫೋಟೋಗಳನ್ನೂ ಸೇರಿಸಿ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ತಮ್ಮ ನಾಳೆ ಕವರ್ ಮತ್ತು ಬಿಲ್ ತೆಗೆದುಕೊಂಡು ಡ್ರಗ್ ಇನ್ಸ್‌ಪೆಕ್ಟರ್ ಕಚೇರಿಗೆ ತುಮಕೂರಿಗೆ ಹೋಗುತ್ತಾನೆ. ಅಮ್ಮನಿಗೆ ಹಳೆಯ ಅಂಗಡಿಯಿಂದ ಹೊಸ ಡಬ್ಬಿ ಬಂದಿದೆ, ಅದರ ಕೋಡ್ ಓದಿಸಿ ಹೋಲಿಸಿಯೇ ಕೊಟ್ಟಿದ್ದಾನೆ. ಕಂಪನಿ ಏನು ಹೇಳುತ್ತದೆ ಎಂಬುದನ್ನು ಇಲ್ಲೇ ಬರೆಯುತ್ತೇನೆ.